ತಹಶೀಲ್ದಾರರಿಗೆ ಇಮೇಲ್ ಬರೆಯುವುದು ಹೇಗೆ?

ಪ್ರಶ್ನೆ: ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟು ತಿಂಗಳುಗಳಾದವು. ತಹಶೀಲ್ದಾರರಿಗೆ ಕನ್ನಡದಲ್ಲೇ ಇಮೇಲ್ ಮಾಡಬೇಕು. ಹೇಗೆ ಸಂಬೋಧಿಸಲಿ, ಏನು ಕೇಳಲಿ?

ಮೊದಲು ಏನು ಕೇಳಬೇಕು ಅನ್ನೋದು ತೀರ್ಮಾನವಾಗಲಿ. ಹೆಸರು ತಿದ್ದಿ, ಪೋಡಿಯನ್ನೂ ಮಾಡಿಸಿ, ಹಾಗೇ ದಾರಿ ತಕರಾರು ಬಗೆಹರಿಸಿ ಅಂತ ಒಂದೇ ಪತ್ರದಲ್ಲಿ ಬರೆದರೆ ಅದು ಯಾವ ಕೇಸ್ ವರ್ಕರ್ ಮೇಜಿಗೆ ಹೋಗಬೇಕು ಅನ್ನೋದೇ ಗೊತ್ತಾಗಲ್ಲ. ಹೆಸರು ತಿದ್ದಲು ದಾಖಲೆ ನೋಡಿ ಆದೇಶ ಮಾಡಬೇಕು, ಇಮೇಲ್ ನೋಡಿ ಯಾರೂ ತಿದ್ದುವುದಿಲ್ಲ. ಅರ್ಜಿ ಈಗಾಗಲೇ ಕೊಟ್ಟಿದ್ದೀರಲ್ಲ, ಹಾಗಾಗಿ ಅದು ಯಾವ ಹಂತದಲ್ಲಿದೆ ಅಂತ ಮಾತ್ರ ಕೇಳಿ. "ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದರೆ ಏನೂ ಕೇಳಿದಂತಾಗುವುದಿಲ್ಲ.

ಹೀಗೆ ಬರೆಯಬಹುದು:

ಇವರಿಗೆ,
ಮಾನ್ಯ ತಹಶೀಲ್ದಾರರು,
ತಾಲ್ಲೂಕು ಕಚೇರಿ, (ತಾಲ್ಲೂಕಿನ ಹೆಸರು)

ಮಾನ್ಯರೇ,

ವಿಷಯ: ಸರ್ವೆ ನಂ. 45/2ರ ಪಹಣಿ ಹೆಸರು ತಿದ್ದುಪಡಿ ಅರ್ಜಿಯ ಹಂತ ತಿಳಿಸುವ ಕುರಿತು
ಉಲ್ಲೇಖ: ದಿನಾಂಕ 12-03-2025ರ ನನ್ನ ಅರ್ಜಿ, ಸ್ವೀಕೃತಿ ಸಂಖ್ಯೆ (…)

ಮೇಲ್ಕಂಡ ಜಮೀನಿನ ಪಹಣಿಯಲ್ಲಿ ನನ್ನ ತಂದೆಯವರ ಹೆಸರು "ರಾಮಣ್ಣ" ಎಂದಿರುವ ಬದಲು "ರಾಮಪ್ಪ" ಎಂದು ದಾಖಲಾಗಿದೆ. ತಿದ್ದುಪಡಿ ಕೋರಿ ಉಲ್ಲೇಖದ ಅರ್ಜಿ ಸಲ್ಲಿಸಿದ್ದೇನೆ. ಈ ಅರ್ಜಿ ಪ್ರಸ್ತುತ ಯಾವ ಹಂತದಲ್ಲಿದೆ ಎಂಬುದನ್ನು ತಾವು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ. ಸ್ವೀಕೃತಿಯ ಪ್ರತಿ ಲಗತ್ತಿಸಿದೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಹೆಸರು, ಗ್ರಾಮ, ಹೋಬಳಿ, ಮೊಬೈಲ್ ಸಂಖ್ಯೆ)

ಇಲ್ಲಿ ಅಧಿಕಾರಿಯ ಹೆಸರಿಲ್ಲ, ಗಮನಿಸಿ. ಅವರಿಗೆ ವರ್ಗಾವಣೆಯಾದರೂ ಪತ್ರ ಆ ಹುದ್ದೆಗೇ ಸೇರುತ್ತದೆ. "ಮಾನ್ಯರೇ" ಅಂದರೆ ಕುರ್ಚಿಯಲ್ಲಿ ಹೆಂಗಸರಿರಲಿ ಗಂಡಸರಿರಲಿ ತೊಂದರೆಯಿಲ್ಲ, "ಸರ್" ಅಂತ ಬರೆದು ಆಮೇಲೆ ಪೇಚಾಡುವುದೂ ಬೇಡ. ಒಮ್ಮೆ "ತಾವು" ಅಂತ ಶುರು ಮಾಡಿದರೆ ಕೊನೆವರೆಗೂ ತಾವು, ತಮ್ಮ, ತಮಗೆ ಅಂತಲೇ ಇರಲಿ. ನಡುವೆ "ನೀವು ತಿಳಿಸಿ" ಅಂತ ನುಸುಳಿದರೆ ಅದು ಬೈಗುಳವೇನಲ್ಲ, ಆದರೆ ಎರಡು ಕಡೆಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಹಾಗಂತ "ಪರಮಪೂಜ್ಯ", "ತಮ್ಮ ಪಾದಗಳಿಗೆ" ಅಂತೆಲ್ಲ ಸುಮ್ನೆ ಬಾಗಬೇಡಿ. ಒಂದು "ಮಾನ್ಯ", ಒಂದು "ದಯವಿಟ್ಟು" ಸಾಕು.

ಇಮೇಲ್‌ನ ಸಬ್ಜೆಕ್ಟ್ ಜಾಗದಲ್ಲೂ ಆ ವಿಷಯದ ಸಾಲನ್ನೇ ಹಾಕಿ. "ಅರ್ಜಿ" ಅಂತಷ್ಟೇ ಇದ್ದರೆ ನೂರು ಮೇಲ್‌ಗಳ ನಡುವೆ ನಿಮ್ಮದು ಯಾವುದು ಅಂತ ಹುಡುಕೋರು ಯಾರು?

ಇನ್ನೊಂದು, ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೇಲ್‌ಗೆ ಅಂಟಿಸಬೇಡಿ. ಆಚೆ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಮೊದಲು ನಿಮಗೇ ಒಂದು ಪ್ರತಿ ಕಳಿಸಿಕೊಂಡು ಮೊಬೈಲ್‌ನಲ್ಲಿ ತೆರೆದು ನೋಡಿ.