ದೊಡ್ಡಮ್ಮನ ಐದು ಫೋಟೊಗಳಲ್ಲಿ ವೀಸಾಕ್ಕೆ ಯಾವುದು?

ಹಾಸನದ ನಮ್ಮ ದೊಡ್ಡಮ್ಮ ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟಿದ್ದರು. ಪಾಸ್‌ಪೋರ್ಟ್ ಮಾಡಿಸುವಾಗ ಸೇವಾ ಕೇಂದ್ರದವರೇ ಕೂರಿಸಿ ಫೋಟೊ ತೆಗೆದುಕೊಂಡಿದ್ದರು. ಹಾಗಾಗಿ ಆಗ ತಲೆಬಿಸಿ ಇರಲಿಲ್ಲ. ವೀಸಾ ಅರ್ಜಿಯಲ್ಲಿ ಹಾಗಲ್ಲ. DS-160 ಎಂಬ ಫಾರ್ಮ್ ತುಂಬಿ, ಫೋಟೊವನ್ನು ನಾವೇ ಹಾಕಬೇಕು. ದೊಡ್ಡಮ್ಮನ ಫೋನಿನಲ್ಲಿ ಐದು ಫೋಟೊ ಇದ್ದವು. "ಇದರಲ್ಲಿ ಯಾವುದು ಚೆನ್ನಾಗಿದೆಯೋ ನೋಡಪ್ಪ, ಅದನ್ನೇ ಹಾಕಿಬಿಡು" ಅಂದರು.

ಚೆನ್ನಾಗಿರುವುದು ಅಂದರೆ ಏನು ಅನ್ನುವುದೇ ಇಲ್ಲಿನ ಪ್ರಶ್ನೆ. ಆಲ್ಬಮ್ಮಿಗೆ ಚೆನ್ನಾಗಿರುವುದು ಬೇರೆ, ವೀಸಾಕ್ಕೆ ಚೆನ್ನಾಗಿರುವುದು ಬೇರೆ. ವಿಮಾನ ಇಳಿದ ಮೇಲೆ ಕೌಂಟರಿನಲ್ಲಿ ಒಬ್ಬ ಅಧಿಕಾರಿ ದೊಡ್ಡಮ್ಮನನ್ನು ನೋಡುತ್ತಾರೆ, ಫೋಟೊ ನೋಡುತ್ತಾರೆ. ಒಂದು ಯಂತ್ರವೂ ನೋಡುತ್ತದೆ. ಇಬ್ಬರಿಗೂ "ಇವರೇ ಅವರು" ಅನ್ನಿಸಬೇಕು. ನಿಯಮಗಳೆಲ್ಲ ಹುಟ್ಟಿರುವುದು ಇದಕ್ಕಾಗಿಯೇ.

ನಿಯಮ ಕೇಳಿದರೆ ಉದ್ದ ಅನ್ನಿಸುತ್ತದೆ, ಆದರೆ ಮುಖ್ಯವಾದವು ಕೆಲವೇ. ಫೋಟೊ ಚೌಕವಾಗಿರಬೇಕು. ಕಾಗದದ ಮೇಲಾದರೆ 2 ಇಂಚು ಉದ್ದ, 2 ಇಂಚು ಅಗಲ. ತಲೆ, ಅಂದರೆ ಕೂದಲು ಸೇರಿ ನೆತ್ತಿಯಿಂದ ಗದ್ದದ ತುದಿವರೆಗೆ, ಫೋಟೊದ ಎತ್ತರದಲ್ಲಿ ಶೇ. 50ರಿಂದ 69 ಇರಬೇಕು. ಕಣ್ಣುಗಳು ಕೆಳಗಿನ ಅಂಚಿನಿಂದ ಶೇ. 56ರಿಂದ 69ರಷ್ಟು ಎತ್ತರದಲ್ಲಿ ಬರಬೇಕು. ಹಿನ್ನೆಲೆ ಬಿಳಿ. ಮುಖ ನೇರ, ಕಣ್ಣು ತೆರೆದಿರಬೇಕು, 6 ತಿಂಗಳೊಳಗೆ ತೆಗೆದದ್ದಾಗಿರಬೇಕು. 2016ರ ನವೆಂಬರ್‌ನಿಂದ ಕನ್ನಡಕವನ್ನೂ ತೆಗೆಯಲೇಬೇಕು.

ಇವುಗಳಲ್ಲಿ ಕೆಲವನ್ನು ಫೋಟೊ ತೆಗೆದ ಮೇಲೂ ಸರಿಮಾಡಬಹುದು. ಚೌಕ ಮಾಡುವುದು, ತಲೆಯನ್ನು ಸರಿಯಾದ ಜಾಗಕ್ಕೆ ತರುವುದು, ಇವು ಕತ್ತರಿಸುವ ಕೆಲಸ. ಆದರೆ ಬೆಳಕು, ನೆರಳು, ಕ್ಯಾಮೆರಾ ಇದ್ದ ದೂರ, ಮುಖ ತಿರುಗಿದ ಕೋನ, ಇವು ಕ್ಲಿಕ್ ಆದ ಕ್ಷಣಕ್ಕೆ ಮುಗಿದುಹೋಗುತ್ತವೆ. ಅದಕ್ಕೇ ಫೋಟೊ ಆರಿಸುವಾಗ ನಾನು ಮೊದಲು ಅಳತೆ ನೋಡುವುದಿಲ್ಲ. ಆಮೇಲೆ ಸರಿಮಾಡಲಾಗದ ತಪ್ಪು ಯಾವುದರಲ್ಲಿದೆ ಅಂತ ಹುಡುಕುತ್ತೇನೆ.

ಮೊದಲನೆಯದು ಸೆಲ್ಫಿ. ಹಿನ್ನೆಲೆ ಬಿಳಿ, ಬೆಳಕೂ ಚೆನ್ನಾಗಿತ್ತು. ಆದರೆ ಮೂಗು ದಪ್ಪಗಾಗಿ, ಕಿವಿಗಳು ಹಿಂದೆ ಸರಿದು ಅಡಗಿದಂತೆ ಕಾಣುತ್ತಿದ್ದವು. ಇದಕ್ಕೆ ಕಾರಣ ಲೆನ್ಸ್ ಕೆಟ್ಟಿರುವುದಲ್ಲ, ದೂರ. ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದಿರುತ್ತದೆ ಅಂದುಕೊಳ್ಳೋಣ. ಮೂಗು ಫೋನಿಗೆ 35 ಸೆಂ.ಮೀ. ದೂರದಲ್ಲಿದ್ದರೆ ಕಿವಿ 47 ಸೆಂ.ಮೀ. ದೂರದಲ್ಲಿರುತ್ತದೆ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ ಅಲ್ವಾ? 47ನ್ನು 35ರಿಂದ ಭಾಗಿಸಿದರೆ 1.34. ಅಂದರೆ ಕಿವಿಗೆ ಹೋಲಿಸಿದರೆ ಮೂಗು ಮೂರನೇ ಒಂದು ಭಾಗದಷ್ಟು ಹಿಗ್ಗಿದೆ. ಅದೇ ಒಂದೂವರೆ ಮೀಟರ್ ದೂರದಿಂದ ತೆಗೆದರೆ 162ನ್ನು 150ರಿಂದ ಭಾಗಿಸಬೇಕು, ಬರುವುದು 1.08. ಹಿಗ್ಗಿದ್ದು ಶೇ. 8 ಮಾತ್ರ. ಎದುರು ನಿಂತು ಮಾತಾಡುವವರಿಗೆ ನಾವು ಕಾಣುವುದು ಹೆಚ್ಚುಕಡಿಮೆ ಹೀಗೆಯೇ. ಸೆಲ್ಫಿಯನ್ನು ಎಷ್ಟು ಕತ್ತರಿಸಿದರೂ ಈ ಹಿಗ್ಗು ಹೋಗುವುದಿಲ್ಲ. ಮುಖ ಚಿಕ್ಕದಾಗಿ ಕಂಡರೆ ಜೂಮ್ ಮಾಡಬೇಕೇ ಹೊರತು ಹತ್ತಿರ ಹೋಗಬಾರದು.

ಆ ಸೆಲ್ಫಿಯಲ್ಲಿ ಇನ್ನೊಂದು ತಪ್ಪೂ ಇತ್ತು. ದೊಡ್ಡಮ್ಮ ಸೆರಗನ್ನು ಎಡ ಹೆಗಲ ಮೇಲೆ ಹೊದೆಯುತ್ತಾರೆ. ಸರಿಯಾದ ಫೋಟೊದಲ್ಲಿ ಅದು ನೋಡುವ ನಮ್ಮ ಬಲಗಡೆ ಬರಬೇಕು. ಇದರಲ್ಲಿ ನಮ್ಮ ಎಡಗಡೆ ಇತ್ತು. ಮುಂದಿನ ಕ್ಯಾಮೆರಾದಲ್ಲಿ ತೆಗೆದಾಗ ಕೆಲವು ಫೋನುಗಳು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ ಉಳಿಸಿಕೊಳ್ಳುತ್ತವೆ. ಹಾಗಾದರೆ ಬಲಗೆನ್ನೆಯ ಮಚ್ಚೆ ಎಡಗೆನ್ನೆಗೆ ಹೋಗಿಬಿಡುತ್ತದೆ. ಸೀರೆಯಾದರೆ ಸೆರಗು, ಷರ್ಟಾದರೆ ಜೇಬು ನೋಡಿ ಇದನ್ನು ಥಟ್ಟನೆ ಪತ್ತೆ ಮಾಡಬಹುದು. (ಕೊಡಗಿನ ಸೀರೆಗೆ ಈ ಗುರುತು ನಡೆಯುವುದಿಲ್ಲ, ಅಲ್ಲಿ ಸೆರಗು ಬರುವುದೇ ಬಲ ಹೆಗಲಿಗೆ.)

ಎರಡನೆಯದು ಸ್ಟುಡಿಯೋದಲ್ಲಿ ತೆಗೆಸಿದ್ದು. ನಮ್ಮೂರುಗಳಲ್ಲಿ "ಪಾಸ್‌ಪೋರ್ಟ್ ಸೈಜ್" ಅಂದರೆ ಕೊಡುವ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರದ ಫೋಟೊ. ನೋಡಲು ಅಚ್ಚುಕಟ್ಟು. ಇದನ್ನೇ ಚೌಕ ಕತ್ತರಿಸಿದರೆ ಆಗಲ್ವಾ ಅಂತ ದೊಡ್ಡಮ್ಮ ಕೇಳಿದರು. ಸ್ಕೇಲ್ ಇಟ್ಟು ಅಳೆದೆ. ತಲೆ 32 ಮಿ.ಮೀ. ಇತ್ತು. ಫೋಟೊ ಅಗಲವೇ 35 ಆದ್ದರಿಂದ ಅದರಿಂದ ಸಿಗುವ ಅತಿ ದೊಡ್ಡ ಚೌಕವೂ 35. ಅದರಲ್ಲಿ ತಲೆ ಶೇ. 91 ಆಗಿಬಿಡುತ್ತದೆ. ಶೇ. 69ಕ್ಕೆ ಇಳಿಸಬೇಕಾದರೆ ಚೌಕದ ಬದಿ ಕಡಿಮೆ ಅಂದರೂ 46.4 ಮಿ.ಮೀ. ಬೇಕು. ಅಕ್ಕಪಕ್ಕ ಅಷ್ಟು ಜಾಗ ಆ ಫೋಟೊದಲ್ಲಿ ಇಲ್ಲವೇ ಇಲ್ಲ. ಅಲ್ಲದೆ ಕೆನ್ನೆಯ ಸುಕ್ಕುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒರೆಸಿದ್ದರು. ಮುಖವನ್ನು ಹೀಗೆ ತಿದ್ದಿದ ಫೋಟೊ ವೀಸಾಕ್ಕೆ ನಡೆಯುವುದಿಲ್ಲ. ಫೋನಿನ ಬ್ಯೂಟಿ ಫಿಲ್ಟರ್ ಮಾಡುವುದೂ ಅದೇ ಕೆಲಸ, ಅದನ್ನು ಆಫ್ ಮಾಡಿಯೇ ತೆಗೆಯಬೇಕು.

ಮೂರನೆಯದು ಮನೆಯ ಬಿಳಿ ಗೋಡೆಗೆ ಒರಗಿ, ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು. ಗೋಡೆಗೆ ಆತು ನಿಂತಿದ್ದರಿಂದ ತಲೆಯ ನೆರಳು ಪಕ್ಕದಲ್ಲೇ ಕಪ್ಪಗೆ ಬಿದ್ದಿತ್ತು. ಕೂದಲು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ಗೊತ್ತಾಗುತ್ತಿರಲಿಲ್ಲ. ಇನ್ನೂ ವಿಚಿತ್ರ ಅಂದರೆ ಬಿಳಿ ಗೋಡೆ ಬೂದು ಬಣ್ಣಕ್ಕೆ ತಿರುಗಿತ್ತು, ಮುಖವೂ ಕಪ್ಪಾಗಿತ್ತು. ಇದು ಫೋನಿನ ಲೆಕ್ಕಾಚಾರದ ಫಲ. ಚಿತ್ರದ ಒಟ್ಟು ಬೆಳಕು ಸಾಧಾರಣ ಮಟ್ಟದಲ್ಲಿರಬೇಕು ಅಂದುಕೊಂಡು ಕ್ಯಾಮೆರಾ ಬೆಳಕನ್ನು ಹೊಂದಿಸುತ್ತದೆ. ಚೌಕಟ್ಟಿನ ತುಂಬ ಬಿಳಿ ಗೋಡೆಯೇ ಇದ್ದರೆ "ಬೆಳಕು ಜಾಸ್ತಿಯಾಯಿತು" ಅಂತ ತಿಳಿದು ಎಲ್ಲವನ್ನೂ ಕಪ್ಪಾಗಿಸುತ್ತದೆ. ಪರದೆಯ ಮೇಲೆ ಮುಖದ ಜಾಗಕ್ಕೆ ಬೆರಳಿಟ್ಟು, ಬೆಳಕಿನ ಗುರುತನ್ನು ಸ್ವಲ್ಪ ಮೇಲೆ ಸರಿಸಿದರೆ ಗೋಡೆ ಮತ್ತೆ ಬೆಳ್ಳಗಾಗುತ್ತದೆ.

ನಾಲ್ಕನೆಯದು, ಐದನೆಯದು ನಾನೇ ಮಧ್ಯಾಹ್ನ ತೆಗೆದವು. ದೊಡ್ಡಮ್ಮನನ್ನು ಗೋಡೆಯಿಂದ ನಾಲ್ಕು ಅಡಿ ಮುಂದೆ, ಬಾಗಿಲ ಬೆಳಕಿಗೆ ಮುಖ ಮಾಡಿ ನಿಲ್ಲಿಸಿದ್ದೆ. ಕಡುಹಸಿರು ಸೀರೆ ಉಟ್ಟಿದ್ದರಿಂದ ಹೆಗಲು ಗೋಡೆಯಲ್ಲಿ ಕರಗಿರಲಿಲ್ಲ. ಸುತ್ತ ಬೇಕಾದಷ್ಟು ಜಾಗ ಬಿಟ್ಟು ತೆಗೆದಿದ್ದೆ. ಈಗ ಅಳತೆಯ ಸರದಿ.

ಐದನೆಯದರ ಲೆಕ್ಕ ಹೇಳುತ್ತೇನೆ. ಚಿತ್ರದ ಮೇಲಿನ ಅಂಚಿನಿಂದ ಎಣಿಸಿದರೆ ನೆತ್ತಿ 900ನೇ ಪಿಕ್ಸೆಲ್‌ನಲ್ಲಿ, ಕಣ್ಣು 1300ರಲ್ಲಿ, ಗದ್ದ 1700ರಲ್ಲಿ ಇತ್ತು. ಅಂದರೆ ತಲೆ 800 ಪಿಕ್ಸೆಲ್. ಮಿತಿ ಶೇ. 50ರಿಂದ 69 ಇರುವುದರಿಂದ ನಡುವಿನ 60 ಇರಲಿ ಅಂದುಕೊಂಡೆ. 800ನ್ನು 0.60ರಿಂದ ಭಾಗಿಸಿದರೆ ಚೌಕದ ಬದಿ 1333. ಕಣ್ಣು ಕೆಳಗಿನಿಂದ ಶೇ. 62ರಲ್ಲಿ ಬರಲಿ ಅಂದರೆ ಕಣ್ಣಿನ ಕೆಳಗೆ 826 ಪಿಕ್ಸೆಲ್ ಬಿಡಬೇಕು. ಹಾಗಾಗಿ ಚೌಕದ ಕೆಳ ಅಂಚು 2126ರಲ್ಲಿ, ಮೇಲಿನ ಅಂಚು 793ರಲ್ಲಿ. ನೆತ್ತಿಯ ಮೇಲೆ 107 ಪಿಕ್ಸೆಲ್ ಬಿಳಿ ಜಾಗ ಉಳಿಯಿತು. ಮಿತಿಯ ಅಂಚಿಗೆ ಹೋಗದೆ ನಡುವಿನ ಸಂಖ್ಯೆ ಹಿಡಿದದ್ದಕ್ಕೆ ಕಾರಣವಿದೆ. ಕೂದಲಿನ ನಡುವೆ ನೆತ್ತಿ ನಿಖರವಾಗಿ ಎಲ್ಲಿ ಅನ್ನುವುದರಲ್ಲಿ ನನ್ನ ಕಣ್ಣಿಗೂ ಯಂತ್ರಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ನಡುವಿನಲ್ಲಿದ್ದರೆ ಅಷ್ಟು ತಪ್ಪಿದರೂ ಮಿತಿಯೊಳಗೇ ಇರುತ್ತೇವೆ.

ಕತ್ತರಿಸಿದ ಚೌಕವನ್ನು 900 ಪಿಕ್ಸೆಲ್‌ಗೆ ಇಳಿಸಿದೆ. 600ರಿಂದ 1200ರವರೆಗೆ ನಡೆಯುತ್ತದೆ, ಫೈಲು 240 ಕಿಲೊಬೈಟ್ ಮೀರಬಾರದು. ಇಲ್ಲಿ ವಾಟ್ಸಾಪ್ ಬಗ್ಗೆ ಒಂದು ಮಾತು. ಅದರಲ್ಲಿ ಸುಮ್ನೆ ಫೋಟೊ ಅಂತ ಕಳಿಸಿದರೆ ಅದು ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಹಾಗೆ ಬಂದ ಫೋಟೊವನ್ನು ಹಿಗ್ಗಿಸಿ ನೋಡಿದರೆ ಕೂದಲ ಅಂಚಿನಲ್ಲಿ ಚಿಕ್ಕ ಚಿಕ್ಕ ಚೌಕಗಳು ಕಾಣುತ್ತವೆ. ಮತ್ತೆ ದೊಡ್ಡದು ಮಾಡಿದರೆ ಹೋದ ವಿವರ ವಾಪಸ್ ಬರುವುದಿಲ್ಲ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರುತ್ತದೆ.

ನಾಲ್ಕನೆಯದನ್ನೂ ಹೀಗೇ ಕತ್ತರಿಸಿದೆ. ಎರಡೂ ಅಳತೆಯಲ್ಲಿ ಪಾಸು. ಈಗ ನಿಜವಾದ ಆಯ್ಕೆ ಬಂತು. ದೊಡ್ಡಮ್ಮನಿಗೆ ನಾಲ್ಕನೆಯದೇ ಇಷ್ಟ. "ಇದರಲ್ಲಿ ವಯಸ್ಸು ಅಷ್ಟು ಕಾಣಲ್ಲ ನೋಡು" ಅಂದರು. ಅದರಲ್ಲಿ ಅವರು ಗದ್ದವನ್ನು ಒಂಚೂರು ಮೇಲೆತ್ತಿದ್ದರು. ಕುತ್ತಿಗೆಯ ಮಡಿಕೆ ಮಾಯವಾಗಿತ್ತು. ಗದ್ದ ಎತ್ತಿದ್ದನ್ನು ಕಿವಿ ಹೇಳುತ್ತದೆ. ತಲೆ ಹಿಂದಕ್ಕೆ ಬಾಗಿದರೆ, ಕಣ್ಣಿನ ಮಟ್ಟಕ್ಕೆ ಹೋಲಿಸಿದಾಗ ಕಿವಿಗಳು ಕೆಳಗೆ ಇಳಿದಂತೆ ಕಾಣುತ್ತವೆ. ಎರಡೂ ಫೋಟೊಗಳನ್ನು ಅಕ್ಕಪಕ್ಕ ಇಟ್ಟರೆ ಆ ವ್ಯತ್ಯಾಸ ಸ್ಪಷ್ಟವಾಗಿತ್ತು. ಐದನೆಯದರಲ್ಲಿ ಮುಖ ನೇರವಾಗಿತ್ತು, ಎರಡು ಕಿವಿಗಳೂ ಒಂದೇ ಸಮ ಕಾಣುತ್ತಿದ್ದವು.

ತನ್ನ ಫೋಟೊವನ್ನು ತಾನೇ ಆರಿಸಿಕೊಳ್ಳುವುದರ ಬಗ್ಗೆ ಒಂದು ಒಳ್ಳೆಯ ಪ್ರಯೋಗ ನಡೆದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಡೇವಿಡ್ ವೈಟ್ ಮತ್ತು ಸಂಗಡಿಗರು ಮಾಡಿದ್ದು. ಸ್ವಯಂಸೇವಕರು ತಮ್ಮ ಹತ್ತು ಫೋಟೊ ತಂದು, ಯಾವುದು ತಮ್ಮನ್ನು ಹೆಚ್ಚು ಹೋಲುತ್ತದೆ ಅಂತ ತಾವೇ ಕ್ರಮವಾಗಿ ಜೋಡಿಸಿದರು. ಆಮೇಲೆ ಅವರ ಪರಿಚಯವೇ ಇಲ್ಲದವರು, ಅವರ ಒಂದು ಪುಟ್ಟ ವಿಡಿಯೊ ನೋಡಿ, ಅದೇ ಫೋಟೊಗಳನ್ನು ಅಳೆದರು. ಮತ್ತೊಂದು ಗುಂಪು ಫೋಟೊಗಳನ್ನು ಮುಖಕ್ಕೆ ಹೊಂದಿಸುವ ಪರೀಕ್ಷೆಗೆ ಕೂತಿತು. ಅಪರಿಚಿತರು ಆರಿಸಿದ ಫೋಟೊಗಳೇ ಹೆಚ್ಚು ಸರಿಯಾಗಿ ಹೊಂದಿದವು. ಸಂಶೋಧಕರು ಕೊಟ್ಟ ಕಾರಣ ಕೂಡ ಒಪ್ಪುವಂಥದ್ದು. ನಮ್ಮ ಮುಖ ನಮ್ಮ ಮನಸ್ಸಿನಲ್ಲಿ ಎಷ್ಟೋ ವರ್ಷಗಳಿಂದ ಕೂತಿದೆ. ಆ ನೆನಪು ಈಗ ಕಾಣುವ ಮುಖವನ್ನು ಮರೆಮಾಡುತ್ತದೆ. ನನಗೂ ಇದೇ ತೊಡಕು. ನಾನು ಹುಟ್ಟಿದಾಗಿನಿಂದ ದೊಡ್ಡಮ್ಮನನ್ನು ನೋಡಿದವನು.

ಮಹಡಿ ಮನೆಗೆ ಹದಿನೈದು ದಿನದ ಹಿಂದೆ ಒಬ್ಬ ಹುಡುಗಿ ಬಾಡಿಗೆಗೆ ಬಂದಿದ್ದಳು. ಅವಳನ್ನೇ ಕರೆದೆ. ಯಾವುದು ಚೆಂದ ಅಂತ ಕೇಳಲಿಲ್ಲ. "ಈ ಫೋಟೊ ಕೊಟ್ಟು ಬಸ್‌ಸ್ಟ್ಯಾಂಡಿನಲ್ಲಿ ಇವರನ್ನು ಹುಡುಕು ಅಂದರೆ, ಯಾವುದನ್ನು ಹಿಡಿದುಕೊಂಡು ಹೋಗುತ್ತೀಯಮ್ಮ?" ಅಂತ ಕೇಳಿದೆ. ಅವಳು ದೊಡ್ಡಮ್ಮನ ಮುಖ ನೋಡಿದಳು, ಫೋಟೊ ನೋಡಿದಳು, ಇನ್ನೊಮ್ಮೆ ಮುಖ ನೋಡಿದಳು. ಐದನೆಯದರ ಮೇಲೆ ಬೆರಳಿಟ್ಟಳು. "ಆಂಟಿ ಗೇಟಿನ ಹತ್ರ ನಿಂತಾಗ ಹೀಗೇ ಇರ್ತಾರೆ" ಅಂದಳು.

ಅದನ್ನೇ ಅರ್ಜಿಗೆ ಹಾಕಿದೆವು. ಜೊತೆಗೆ ಇರಲಿ ಅಂತ 2 ಇಂಚಿನ ಎರಡು ಪ್ರಿಂಟ್ ತೆಗೆಸಿದೆವು. ಅಂಗಡಿಯ ಪ್ರಿಂಟರ್ ಕೆಲವೊಮ್ಮೆ ಚಿತ್ರವನ್ನು ಕಾಗದಕ್ಕೆ ತಕ್ಕಂತೆ ಹಿಗ್ಗಿಸಿಬಿಡುತ್ತದೆ. ಅದಕ್ಕೇ ಕೌಂಟರಿನಲ್ಲೇ ಸ್ಕೇಲ್ ಇಟ್ಟು ನೋಡಿದೆ. ಬದಿ 51 ಮಿ.ಮೀ., ನೆತ್ತಿಯಿಂದ ಗದ್ದಕ್ಕೆ ಹತ್ತಿರಹತ್ತಿರ 31. ದೊಡ್ಡಮ್ಮ ಅವನ್ನು ಪಾಸ್‌ಪೋರ್ಟಿನ ಕವರಿನೊಳಗೆ ಸೇರಿಸಿಟ್ಟರು.