ತೆರೆಯ ಮೇಲಿನ ಗೆರೆಯಿಂದ ಪೈಲಟ್‌ನ ಕಿವಿಯವರೆಗೆ: 1940ರ ಬ್ರಿಟನ್ನಿನ ರೇಡಾರ್

ಡೋವರ್ ಬಳಿ ಇಂಗ್ಲಿಷ್ ಕಡಲ್ಗಾಲುವೆಯ ಅಗಲ 33 ಕಿ.ಮೀ. ಗಂಟೆಗೆ 300 ಕಿ.ಮೀ. ವೇಗದ ಬಾಂಬರ್ ಅದನ್ನು ಏಳು ನಿಮಿಷದೊಳಗೆ ದಾಟುತ್ತದೆ. ಆದೇಶ ಸಿಕ್ಕ ಬ್ರಿಟಿಷ್ ಸ್ಪಿಟ್‌ಫೈರ್ ಯುದ್ಧವಿಮಾನಗಳ ತಂಡವೊಂದು ನೆಲದಿಂದೆದ್ದು ಆರು ಕಿ.ಮೀ. ಎತ್ತರಕ್ಕೇರಲು ಸುಮಾರು 13 ನಿಮಿಷ ಬೇಕು. ಶತ್ರು ಕಣ್ಣಿಗೆ ಬಿದ್ದ ಮೇಲೆ ಹೊರಟರೆ ಕೆಲಸ ಕೆಟ್ಟಂತೆಯೇ. ಹಾಗೆಂದು ಇಡೀ ಕರಾವಳಿಯ ಮೇಲೆ ಹಗಲೆಲ್ಲ ಗಸ್ತು ಹಾಕಿಸುವಷ್ಟು ವಿಮಾನ, ಪೈಲಟ್, ಪೆಟ್ರೋಲು ಯಾರ ಬಳಿಯೂ ಇರಲಿಲ್ಲ. ರೇಡಾರ್ ಕೊಟ್ಟಿದ್ದು ಈ ಕೆಲವು ನಿಮಿಷಗಳನ್ನು.

1935ರ ಫೆಬ್ರವರಿ 26ರಂದು ಬ್ರಿಟಿಷ್ ವಿಜ್ಞಾನಿಗಳಾದ ರಾಬರ್ಟ್ ವಾಟ್ಸನ್-ವಾಟ್ ಮತ್ತು ಆರ್ನಾಲ್ಡ್ ವಿಲ್ಕಿನ್ಸ್, ಡಾವೆಂಟ್ರಿಯ ಬಿಬಿಸಿ ಪ್ರಸಾರದ ಅಲೆಗಳು ಹೇಫೋರ್ಡ್ ಬಾಂಬರ್‌ಗೆ ಬಡಿದು ಮರಳುವುದನ್ನು ತೋರಿಸಿದರು. ವಿಮಾನ ಸುಮಾರು 13 ಕಿ.ಮೀ. ದೂರದವರೆಗೂ ಪತ್ತೆಯಾಯಿತು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾಗುವ ಹೊತ್ತಿಗೆ ಪೂರ್ವ ಮತ್ತು ಆಗ್ನೇಯ ಕರಾವಳಿಯಲ್ಲಿ ‘ಚೈನ್ ಹೋಮ್’ ಕೇಂದ್ರಗಳ ಸಾಲು ಎದ್ದಿತ್ತು. ಅಲೆ ಕಳಿಸಲು 110 ಮೀಟರ್ ಎತ್ತರದ ಉಕ್ಕಿನ ಗೋಪುರಗಳು, ಹಿಡಿಯಲು 73 ಮೀಟರ್ ಎತ್ತರದ ಮರದ ಗೋಪುರಗಳು.

ಇಲ್ಲಿ ತಿರುಗುವ ಆಂಟೆನಾ ಇರಲಿಲ್ಲ. ಅಲೆಗಳು ಸಮುದ್ರದ ಕಡೆಗೆ ಅಗಲವಾಗಿ ಹರಡುತ್ತಿದ್ದವು, ಕೇಂದ್ರದೊಳಗಿನ ರೇಡಾರ್ ತೆರೆಯ ಮೇಲೆ ಅಡ್ಡವಾಗಿ ಒಂದು ಬೆಳಕಿನ ಗೆರೆ. ಪ್ರತಿಧ್ವನಿ ಬಂದರೆ ಗೆರೆಯಲ್ಲಿ ಒಂದು ಸೀಳು ಕೆಳಗಿಳಿಯುತ್ತದೆ. ಅದು ಗೆರೆಯ ಮೇಲೆ ಎಲ್ಲಿದೆ ಎನ್ನುವುದೇ ವಿಮಾನದ ದೂರ. ದಿಕ್ಕು ತಿಳಿಯಲು ಆಪರೇಟರ್ ಗೋನಿಯೋಮೀಟರ್‌ನ ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಸೀಳು ಮಾಯವಾಗುವ ಜಾಗ ಹುಡುಕುತ್ತಾಳೆ. (ಈ ಕೆಲಸದಲ್ಲಿದ್ದವರಲ್ಲಿ ಬಹಳಷ್ಟು ಮಂದಿ ಮಹಿಳಾ ವಾಯುದಳದ ಯುವತಿಯರು.) ಎಷ್ಟು ವಿಮಾನ ಎನ್ನುವುದಕ್ಕೆ ಅಳತೆಗೋಲೇ ಇಲ್ಲ. ಸೀಳು ಎಷ್ಟು ದೊಡ್ಡದು, ಹೇಗೆ ಕುಣಿಯುತ್ತಿದೆ ಎಂದು ನೋಡಿ ಅನುಭವದಿಂದ ಹೇಳಬೇಕು.

ದೂರದ ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು, ಕೈಕೊಡುತ್ತಿದ್ದದ್ದು ದಿಕ್ಕು. 100 ಕಿ.ಮೀ. ದೂರದಲ್ಲಿ ದಿಕ್ಕು ಐದು ಡಿಗ್ರಿ ತಪ್ಪಿದರೆ ವಿಮಾನದ ಜಾಗ ಸುಮಾರು 9 ಕಿ.ಮೀ. ಸರಿದುಹೋಗುತ್ತದೆ. ಹಾಗಾಗಿ ಫೈಟರ್ ಕಮಾಂಡಿನ ಮುಖ್ಯ ಕಚೇರಿಯಿದ್ದ ಬೆಂಟ್ಲಿ ಪ್ರಯರಿಯಲ್ಲಿ, ಕೇಂದ್ರಗಳ ಸುದ್ದಿಯನ್ನು ಸೋಸುವ ಫಿಲ್ಟರ್ ರೂಮಿನಲ್ಲಿ, ಅಕ್ಕಪಕ್ಕದ ಎರಡು ಕೇಂದ್ರಗಳು ಹೇಳಿದ ದೂರಗಳನ್ನು ಮಾತ್ರ ನೆಚ್ಚಿಕೊಂಡು, ಒಂದೊಂದು ಕೇಂದ್ರದಿಂದ ಒಂದೊಂದು ಕಮಾನು ಎಳೆದರೆ ಅವು ಕೂಡುವಲ್ಲಿ ವಿಮಾನವಿದೆ ಎಂದು ಗುರುತಿಸುತ್ತಿದ್ದರು. ಫೈಟರ್ ಕಮಾಂಡಿನ ಮುಖ್ಯಸ್ಥ ಹ್ಯೂ ಡೌಡಿಂಗ್ ಕಟ್ಟಿದ ರಕ್ಷಣಾ ವ್ಯವಸ್ಥೆಯ ಜೀವ ಇರುವುದು ಗೋಪುರಕ್ಕಿಂತ ಈ ಮೇಜಿನಲ್ಲಿ ಎಂದು ನನಗನಿಸುತ್ತದೆ.

ಸೋಸಿದ ಮಾಹಿತಿ ಫೋನಿನಲ್ಲಿ, ಆಯಾ ಪ್ರದೇಶದ ವಿಮಾನಗಳನ್ನು ನಡೆಸುವ ಗ್ರೂಪ್ ಮತ್ತು ಸೆಕ್ಟರ್ ಕೋಣೆಗಳಿಗೆ ಹೋಗುತ್ತಿತ್ತು. ಅಲ್ಲಿನ ಗೋಡೆ ಗಡಿಯಾರದಲ್ಲಿ ಪ್ರತಿ ಐದು ನಿಮಿಷಕ್ಕೆ ಒಂದು ಬಣ್ಣ: ಕೆಂಪು, ಹಳದಿ, ನೀಲಿ. ಸುದ್ದಿ ಬಂದಾಗ ಮುಳ್ಳು ಯಾವ ಬಣ್ಣದ ಮೇಲಿತ್ತೋ ಆ ಬಣ್ಣದ ಬಾಣವನ್ನೇ ನಕ್ಷೆಯ ಮೇಲಿಡಬೇಕು. ಯಾವ ಸುದ್ದಿ ಹಳಸಿದೆ ಎಂಬುದು, ರೇಡಿಯೋದಲ್ಲಿ ಪೈಲಟ್‌ಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗೆ ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಇದು ಮುಖ್ಯ, ಏಕೆಂದರೆ ನಾಲ್ಕು ನಿಮಿಷ ತಡವಾದರೆ ಬಾಂಬರ್ 20 ಕಿ.ಮೀ. ಮುಂದೆ ಬಂದಿರುತ್ತದೆ.

ವ್ಯವಸ್ಥೆ ಎಡವಿದ್ದೂ ಇದೆ. 1939ರ ಸೆಪ್ಟೆಂಬರ್ 6ರ ಬೆಳಿಗ್ಗೆ ಒಂದು ಸುಳ್ಳು ಎಚ್ಚರಿಕೆ ಬಂತು. ಅದನ್ನು ಎದುರಿಸಲು ಹಾರಿದ ಬ್ರಿಟಿಷ್ ವಿಮಾನಗಳನ್ನೇ ಶತ್ರುಗಳೆಂದು ನಕ್ಷೆಯಲ್ಲಿ ಗುರುತಿಸಿ, ಅವುಗಳ ಮೇಲೆ ಇನ್ನಷ್ಟು ವಿಮಾನ ಕಳಿಸಲಾಯಿತು. ಸ್ಪಿಟ್‌ಫೈರ್‌ಗಳು ತಮ್ಮದೇ ಎರಡು ಹರಿಕೇನ್‌ಗಳನ್ನು ಹೊಡೆದುರುಳಿಸಿದವು, ಒಬ್ಬ ಪೈಲಟ್ ಸತ್ತ. ಅಲ್ಲಿ ಜರ್ಮನ್ ವಿಮಾನ ಒಂದೂ ಇರಲಿಲ್ಲ. ತಮ್ಮವರ ಪ್ರತಿಧ್ವನಿಯನ್ನು ಬೇರೆಯಾಗಿ ತೋರಿಸುವ ಐಎಫ್‌ಎಫ್ ಪೆಟ್ಟಿಗೆಗಳನ್ನು ವಿಮಾನಗಳಿಗೆ ಅಳವಡಿಸುವ ಕೆಲಸಕ್ಕೆ ಆಮೇಲೆ ಅವಸರ ಬಂತು.

ಇದೇ ವ್ಯವಸ್ಥೆ 1940ರ ಆಗಸ್ಟ್ 15ರಂದು ಬೇರೆ ರೀತಿ ಕೆಲಸ ಮಾಡಿತು. ಹೋರಾಟವೆಲ್ಲ ದಕ್ಷಿಣದಲ್ಲೇ ನಡೆಯುತ್ತಿದೆ, ಈಶಾನ್ಯ ಕರಾವಳಿ ಖಾಲಿ ಇರುತ್ತದೆ ಎಂದು ಜರ್ಮನರು ನಾರ್ವೆಯಿಂದ 60ಕ್ಕೂ ಹೆಚ್ಚು ಹೈಂಕೆಲ್ ಬಾಂಬರ್‌ಗಳನ್ನು, ಸುಮಾರು 20 ಮೆಸ್ಸರ್‌ಶ್ಮಿಟ್ 110ಗಳ ಬೆಂಗಾವಲಿನಲ್ಲಿ ಕಳಿಸಿದರು. ರೇಡಾರ್ ಕೇಂದ್ರಗಳು ಹೇಳಿದ ಸಂಖ್ಯೆ ಸುಮಾರು 30. ಲೆಕ್ಕ ಪೂರಾ ತಪ್ಪು. ಆದರೆ ಜಾಗ ಮತ್ತು ಹೊತ್ತು ಸರಿಯಿದ್ದವು, ಎದುರು ದಂಡು ಬರುವ ಮೊದಲೇ ಬ್ರಿಟಿಷ್ ವಿಮಾನಗಳು ಎತ್ತರದಲ್ಲಿ ಕಾದಿದ್ದವು. ಹದಿನೈದರಷ್ಟು ಜರ್ಮನ್ ವಿಮಾನಗಳು ಬಿದ್ದವು. ನಾರ್ವೆಯ ಕಡೆಯಿಂದ ಅಂಥ ದೊಡ್ಡ ಹಗಲು ದಾಳಿ ಮತ್ತೆ ನಡೆಯಲಿಲ್ಲ.

ಹಗಲಲ್ಲಿ ಐದಾರು ಕಿ.ಮೀ. ತಪ್ಪಿದರೂ ಪರವಾಗಿರಲಿಲ್ಲ, ಉಳಿದದ್ದನ್ನು ಪೈಲಟ್‌ನ ಕಣ್ಣು ನೋಡಿಕೊಳ್ಳುತ್ತಿತ್ತು. ಆ ಶರತ್ಕಾಲದಲ್ಲಿ ಬಾಂಬರ್‌ಗಳು ಕತ್ತಲಲ್ಲಿ ಬರತೊಡಗಿದಾಗ ಕಣ್ಣಿಗೆ ಎಟುಕುವ ದೂರ ಕೆಲವು ನೂರು ಮೀಟರಿಗೆ ಇಳಿಯಿತು. ಅಷ್ಟು ಹತ್ತಿರಕ್ಕೆ ಕರೆದೊಯ್ಯುವುದು ಚೈನ್ ಹೋಮ್‌ನಿಂದ ಆಗದ ಮಾತು. ಅದಕ್ಕೆ ತಿರುಗುವ ಆಂಟೆನಾದ ಹೊಸ ಕೇಂದ್ರಗಳೂ ಬೋಫೈಟರ್ ಯುದ್ಧವಿಮಾನದಲ್ಲೇ ಕೂರುವ ಪುಟ್ಟ ರೇಡಾರೂ ಬರಬೇಕಾಯಿತು. ಅವೆರಡೂ ಒಟ್ಟಿಗೆ ಕೆಲಸಕ್ಕೆ ಇಳಿದದ್ದು 1941ರಲ್ಲಿ.