ಡಾರ್ನ್, ಓ ಮೈ ಗಾಡ್, ಗುಡ್ ಹೆವೆನ್ಸ್: ಕನ್ನಡದಲ್ಲಿ ಏನಂತೀವಿ?

ಕೈಜಾರಿ ಕಾಫಿ ಲೋಟ ಬಿತ್ತು. ಇಂಗ್ಲಿಷ್ ಮಾತಾಡುವವರು ‘ಡಾರ್ನ್!’ ಅನ್ನುತ್ತಾರೆ. ನಾವು ‘ಛೆ!’ ಅಥವಾ ‘ಥತ್!’ ಅನ್ನುತ್ತೇವೆ. ಎಲ್ಲವೂ ಮೆತ್ತಗಿನ ಉದ್ಗಾರಗಳೇ. ಅಜ್ಜಿಯ ಮುಂದೆ ಅಂದರೂ ಬೈಸಿಕೊಳ್ಳುವುದಿಲ್ಲ. ಆದರೆ ಇಂಗ್ಲಿಷಿನದು ಹೇಗೆ ಮೆತ್ತಗಾಯಿತು ಅನ್ನುವುದು ಗೊತ್ತಿದ್ದರೆ, ಸರಿಯಾದ ಕನ್ನಡದ ಮಾತು ತಾನಾಗಿ ಹೊಳೆಯುತ್ತದೆ.

ಡಾರ್ನ್ ಅಂದರೆ ವೇಷ ಹಾಕಿದ ‘ಡ್ಯಾಮ್’. ಡ್ಯಾಮ್ ಅನ್ನುವುದು ದೇವರು ನರಕಕ್ಕೆ ತಳ್ಳಲಿ ಎಂಬ ಶಾಪ. ಬಾಯಿಗೆ ಬಂದ ಶಾಪವನ್ನು ಅರ್ಧದಲ್ಲೇ ತಿರುಗಿಸಿ ಡಾರ್ನ್ ಅಂದರೆ ಸಿಟ್ಟೂ ಇಳಿಯಿತು, ಶಾಪವೂ ತಪ್ಪಿತು. ಗಾಡ್ ‘ಗಾಶ್’ ಆಗಿದ್ದು, ಹೆಲ್ ‘ಹೆಕ್’ ಆಗಿದ್ದು ಹೀಗೆಯೇ. ದೇವರ ಹೆಸರನ್ನು ಸುಮ್ನೆ ಎತ್ತಬಾರದು ಅನ್ನುವುದು ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ಒಂದು. ಇಂಗ್ಲೆಂಡಿನಲ್ಲಿ 1606ರಲ್ಲಿ ಇದಕ್ಕೊಂದು ಕಾನೂನೇ ಬಂತು. ನಾಟಕದಲ್ಲಿ ತಮಾಷೆಗೆ ದೇವರ ಹೆಸರು ಹೇಳಿದರೆ 10 ಪೌಂಡ್ ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ‘ಗುಡ್ ಹೆವೆನ್ಸ್’ನಲ್ಲಿ ದೇವರ ಬದಲು ದೇವರಿರುವ ಜಾಗವನ್ನು ಕೂಗುತ್ತಾರೆ, ಅಷ್ಟೇ. ‘ಓ ಮೈ ಗಾಡ್’ ಮಾತ್ರ ಯಾವ ವೇಷವೂ ಇಲ್ಲದೆ ಉಳಿದಿದೆ. ಹಾಗಾಗಿ ಇವತ್ತಿಗೂ ಕೆಲವು ಭಕ್ತ ಕ್ರೈಸ್ತರು ಅದನ್ನು ಬಿಟ್ಟು ‘ಓ ಮೈ ಗಾಶ್’ ಅನ್ನುತ್ತಾರೆ.

ನಮ್ಮಲ್ಲಿ ಈ ಭಯವೇ ಇಲ್ಲ, ಅಲ್ವಾ? ಕಾಲು ಎಡವಿದರೆ ‘ಅಯ್ಯೋ ರಾಮ’, ಕೇಳಬಾರದ್ದು ಕೇಳಿದರೆ ‘ಶಿವ ಶಿವಾ’, ಸುಸ್ತಾಗಿ ಕೂತರೆ ‘ಅಪ್ಪಾ ದೇವರೇ’. ದೇವರ ಹೆಸರು ಬಾಯಿಗೆ ಬಂದಷ್ಟೂ ಒಳ್ಳೆಯದು ಅನ್ನುವವರು ನಾವು. ಅದಕ್ಕೇ ಅದನ್ನು ತಿರುಚುವ ಅಗತ್ಯ ಬೀಳಲಿಲ್ಲ. ನಾವು ಹೆದರುವುದು ಅಪಶಕುನದ ಮಾತಿಗೆ. ‘ಹೋಗ್ತೀನಿ’ ಅನ್ನದೆ ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಯಾರಾದರೂ ಬಾಯಿತಪ್ಪಿ ಕೆಟ್ಟದ್ದು ಆಡಿದರೆ ಪಕ್ಕದವರು ತಕ್ಷಣ ‘ಬಿಡ್ತು ಅನ್ನು!’ ಅನ್ನುತ್ತಾರೆ. ಆಡಿದವರು ‘ಬಿಡ್ತು’ ಅಂದ ಮೇಲೇ ಎಲ್ಲರಿಗೂ ಸಮಾಧಾನ.

ಇನ್ನು ಬಳಕೆಗೆ ಬರೋಣ. ಡಾರ್ನ್ ಒಂಟಿಯಾಗಿ ಬಂದರೆ ‘ಛೆ’ ಸಾಕು. ವಸ್ತುವಿನ ಹೆಸರಿಗೆ ಮೊದಲು ಬಂದರೆ ‘ಹಾಳಾದ’ ಬೇಕು. ಬೀಗದ ಕೈ ಸಿಗದೆ ಮನೆಯೆಲ್ಲ ತಡಕಾಡುವವನು ‘ಆ ಡಾರ್ನ್ ಕೀ ಎಲ್ಲಿ’ ಅಂದರೆ, ಕನ್ನಡದಲ್ಲಿ ಅದು ‘ಆ ಹಾಳಾದ ಬೀಗದ ಕೈ ಎಲ್ಲಿ ಹೋಯ್ತೋ!’. ಸಿಟ್ಟು ಅಷ್ಟೇ, ಬಿಸಿಯೂ ಅಷ್ಟೇ. ಒಂದು ಎಚ್ಚರ ಬೇಕು. ಬಸ್ಸು, ಮಳೆ, ಕರೆಂಟಿಗೆ ‘ಹಾಳಾದ್ದು’ ಅಂದರೆ ಹಗುರ. ಅದೇ ಮಾತು ಮನುಷ್ಯನ ಮೇಲೆ ತಿರುಗಿ ‘ಹಾಳಾದವನು’ ಆದರೆ ಬೈಗುಳವೇ. ಅಲ್ಲಿ ಡಾರ್ನ್‌ನ ಮೆತ್ತಗಿನ ಗುಣ ಉಳಿಯುವುದಿಲ್ಲ.

ಗುಡ್ ಹೆವೆನ್ಸ್‌ಗೆ ‘ಅಯ್ಯೋ ರಾಮ’ ಚೆನ್ನಾಗಿ ಕೂರುತ್ತದೆ. ಎರಡರಲ್ಲೂ ಸ್ವಲ್ಪ ಹಿರಿಯರ ದನಿ ಇದೆ. ಇಪ್ಪತ್ತರ ಹುಡುಗ ಅದನ್ನು ಜಾಸ್ತಿ ಬಳಸುವುದಿಲ್ಲ.

ಕಷ್ಟವಿರುವುದು ಓ ಮೈ ಗಾಡ್‌ನಲ್ಲಿ. ಡಬ್ಬಿಂಗ್‌ನಲ್ಲಿ ‘ಓ ನನ್ನ ದೇವರೇ’ ಅಂತ ಕೇಳಿದರೆ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಕನ್ನಡಿಗರು ಯಾರೂ ಹಾಗೆ ಕೂಗುವುದಿಲ್ಲ. ಸರಿ, ‘ಅಯ್ಯೋ ದೇವರೇ’ ಅನ್ನೋಣವೇ? ಗೆಳತಿ ಉಡುಗೊರೆಯ ಪೊಟ್ಟಣ ಬಿಚ್ಚುತ್ತಾಳೆ ಅಂದುಕೊಳ್ಳಿ. ಒಳಗೆ ಬಹಳ ದಿನದಿಂದ ಆಸೆಪಟ್ಟ ಸೀರೆ. ಅವಳು ‘ಅಯ್ಯೋ ದೇವರೇ’ ಅಂದರೆ ಕೇಳಿದವರು ಸೀರೆ ಹರಿದಿದೆ ಅಂದುಕೊಳ್ಳುತ್ತಾರೆ. ‘ಅಬ್ಬಾ! ಎಷ್ಟು ಚೆನ್ನಾಗಿದೆ!’ ಅಂದರೆ ಸಂತೋಷ ನೇರ ಬಂತು. ಅದೇ ಸೀರೆಯ ಬೆಲೆ ಕೇಳಿ ಬೆಚ್ಚಿದರೆ ‘ಅಬ್ಬಬ್ಬಾ!’. ಸೆರಗಿಗೆ ಸಾರು ಚೆಲ್ಲಿದಾಗ ‘ಅಯ್ಯಯ್ಯೋ!’. ಇಂಗ್ಲಿಷಿನಲ್ಲಿ ಮೂರಕ್ಕೂ ಓ ಮೈ ಗಾಡ್ ಒಂದೇ. ‘ಅಯ್ಯೋ’ ಒಂದೇ ಬಂದಾಗ ಮಾತ್ರ ಮುದ್ದಿಗೂ ಒಗ್ಗುತ್ತದೆ: ‘ಅಯ್ಯೋ, ಎಷ್ಟು ಮುದ್ದಾಗಿದೆ ಮಗು!’ ಪಕ್ಕದಲ್ಲಿ ‘ದೇವರೇ’ ಸೇರಿತೋ, ದನಿ ಸಂಕಟದ ಕಡೆ ಹೊರಳುತ್ತದೆ.

‘ವಾಟ್ ದ ಹೆಕ್’ಗೆ ಹತ್ತಿರದ ಮಾತು ‘ಏನ್ ಸುಡುಗಾಡೋ’. ಕರಾವಳಿಯಲ್ಲಿ ‘ಎಂತ ಸಾವು ಮಾರಾಯ’. ಇಂಗ್ಲಿಷಿನವರು ನರಕವನ್ನು ಮರೆಮಾಡಿದರು. ನಾವು ಸುಡುಗಾಡು, ಸಾವನ್ನು ಬಿಚ್ಚಿಯೇ ಹೇಳಿ, ಬಳಸಿ ಬಳಸಿ ಸವೆಸಿದ್ದೇವೆ. ನೆಟ್‌ವರ್ಕ್ ಸಿಗದಿದ್ದರೂ ‘ಎಂತ ಸಾವು’, ಬಸ್ಸು ತಪ್ಪಿದರೂ ಅದೇ. ಆದರೆ ಸೂತಕದ ಮನೆಯಲ್ಲಿ ಈ ಎರಡೂ ಮಾತನ್ನು ಯಾರೂ ಆಡುವುದಿಲ್ಲ. ಬಾಯಿತಪ್ಪಿ ಬಂದರೆ ಆಡಿದವರೇ ನಾಲಿಗೆ ಕಚ್ಚಿಕೊಳ್ಳುತ್ತಾರೆ.